ಐನೂರು ಸಾರ್ಟಿ ಅಂದರೆ ಐನೂರು ದಾಳಿ ಅಲ್ಲ

ಎಲ್ಲೇ ಯುದ್ಧ ಶುರುವಾಗಲಿ, ಎರಡನೇ ದಿನದಿಂದ ಟಿವಿಯಲ್ಲಿ ಒಂದು ಪದ ಓಡಾಡತೊಡಗುತ್ತದೆ. 'ವಾಯುಪಡೆ ಇಂದು ಐನೂರು ಸಾರ್ಟಿ ನಡೆಸಿದೆ.' ಕೆಳಗೆ ಓಡುವ ಪಟ್ಟಿಯಲ್ಲಿ ಅದೇ ಸುದ್ದಿ 'ಐನೂರು ದಾಳಿ' ಆಗಿರುತ್ತದೆ. ಸಂಜೆ ಚರ್ಚೆಯ ಹೊತ್ತಿಗೆ 'ಐನೂರು ವಿಮಾನ' ಆಗಿರುತ್ತದೆ. ಮೂರೂ ಬೇರೆ ಬೇರೆ ಸಂಗತಿ. ಯಾರಿಗೂ ಅದರ ಚಿಂತೆ ಇದ್ದಂತೆ ಕಾಣುವುದಿಲ್ಲ.

ಇನ್ನೊಂದು ಕಡೆ, 'ರಾತ್ರಿ ಫ್ರಿಜ್ ಕಡೆಗೆ ಒಂದು ಸಾರ್ಟಿ ಹೋಗಿ ಬಂದೆ' ಎಂದು ತಮಾಷೆಗೆ ಬರೆಯುವವರಿದ್ದಾರೆ. ಸೈನ್ಯದ ಪದವನ್ನು ಹೀಗೆ ಹಗುರ ಮಾಡಬಾರದು ಎಂದು ಅವರಿಗೆ ಬುದ್ಧಿ ಹೇಳುವವರೂ ಇದ್ದಾರೆ. ನನ್ನ ಪ್ರಕಾರ ಪದವನ್ನು ಸರಿಯಾಗಿ ಬಳಸುತ್ತಿರುವವರು ಈ ಫ್ರಿಜ್ ಮಂದಿಯೇ. ಕೆಡಿಸುತ್ತಿರುವವರು ಸುದ್ದಿಯವರು. ಯಾಕೆ ಅಂತ ಹೇಳುತ್ತೇನೆ.

ಸಾರ್ಟಿ ಫ್ರೆಂಚಿನಿಂದ ಬಂದ ಪದ. ಅಲ್ಲಿ ಅದಕ್ಕೆ ಹೊರಗೆ ಹೋಗುವುದು, ಹೊರದಾರಿ ಎಂಬ ಅರ್ಥ. ಇವತ್ತಿಗೂ ಪ್ಯಾರಿಸ್ಸಿನ ಮೆಟ್ರೋ ನಿಲ್ದಾಣದಲ್ಲಿ ಹೊರಗೆ ಹೋಗುವ ದಾರಿಯ ಫಲಕದ ಮೇಲೆ ಇರುವುದು ಇದೇ ಪದ. ಯುದ್ಧಕ್ಕೆ ಅದು ಬಂದಿದ್ದು ಕೋಟೆಯ ಮೂಲಕ. ಶತ್ರು ಸುತ್ತುವರಿದು ಕೂತಿದ್ದಾನೆ, ಒಳಗಿನವರಿಗೆ ಹೊರಗೆ ಬರಲು ಆಗುತ್ತಿಲ್ಲ. ಆಗ ಒಂದು ಗುಂಪು ದಿಡ್ಡಿ ಬಾಗಿಲಿನಿಂದ ಹಠಾತ್ತನೆ ನುಗ್ಗಿ, ಶತ್ರುವಿನ ಫಿರಂಗಿ ಕೆಡಿಸಿ, ಅಗೆದ ಕಂದಕ ಮುಚ್ಚಿ, ಸಿಕ್ಕಿದ್ದನ್ನು ಹೊತ್ತು ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಇದು ಸಾರ್ಟಿ. ಹೊರಗೆ ಹೋಗುವುದು ಎಷ್ಟು ಮುಖ್ಯವೋ ವಾಪಸ್ ಬರುವುದೂ ಅಷ್ಟೇ ಮುಖ್ಯ. ವಾಪಸ್ ಬರುವ ಯೋಚನೆ ಇಲ್ಲದೆ ಹೊರಟರೆ ಅದು ತಪ್ಪಿಸಿಕೊಂಡು ಹೋಗುವುದು, ಇಲ್ಲವೇ ಕೊನೆಯ ಕಾಳಗ.

1870ರಲ್ಲಿ ಪ್ರಷ್ಯಾದ ಸೈನ್ಯ ಪ್ಯಾರಿಸ್ಸನ್ನು ಮುತ್ತಿದಾಗ ಈ ಪದ ಸೈನಿಕರ ಬಾಯಿಂದ ಊರ ಜನರ ಬಾಯಿಗೆ ಬಂತು. ಒಳಗೆ ಆಹಾರ ಕಡಿಮೆಯಾಗುತ್ತಿತ್ತು. 'ಒಂದು ದೊಡ್ಡ ಸಾರ್ಟಿ ಮಾಡಿ, ಪ್ರವಾಹದ ಹಾಗೆ ನುಗ್ಗಿ' ಎಂದು ಜನರೇ ಒತ್ತಾಯಿಸತೊಡಗಿದರು. ನವೆಂಬರ್ ಕೊನೆಗೆ ಜನರಲ್ ಡ್ಯುಕ್ರೋ ಹೊರಟ. ಪ್ಯಾರಿಸ್ಸಿಗೆ ಮರಳಿದರೆ ಸತ್ತು ಇಲ್ಲವೇ ಗೆದ್ದು ಎಂದು ಘೋಷಣೆಯನ್ನೇ ಹೊರಡಿಸಿದ. ಹೊರಗಿದ್ದ ಫ್ರೆಂಚ್ ಸೈನ್ಯ ಇದಿರಾಗಿ ಬಂದು ಕೂಡಿಕೊಳ್ಳಬೇಕಿತ್ತು. ಆ ಸುದ್ದಿ ಹೊತ್ತ ಬಲೂನು ಗಾಳಿಗೆ ಸಿಕ್ಕಿ ನಾರ್ವೆಗೆ ಹೋಗಿ ಇಳಿಯಿತು! ಇತ್ತ ಮಾರ್ನ್ ನದಿಯಲ್ಲಿ ನೀರು ಏರಿ, ತೇಲು ಸೇತುವೆ ಹಾಕುವುದು ಒಂದು ದಿನ ತಡವಾಯಿತು. ಅಷ್ಟರಲ್ಲಿ ಶತ್ರುವಿಗೆ ಸುಳಿವು ಸಿಕ್ಕಿತು. ಕೆಲವು ದಿನ ಕಾದಾಡಿ, ಸಾವಿರಾರು ಜನರನ್ನು ಕಳೆದುಕೊಂಡು ಡ್ಯುಕ್ರೋ ವಾಪಸ್ ಬಂದ. ಸತ್ತಿರಲಿಲ್ಲ, ಗೆದ್ದೂ ಇರಲಿಲ್ಲ. ಆದರೂ ಅದು ಸಾರ್ಟಿಯೇ. ಚರಿತ್ರೆಯಲ್ಲಿ ಅದರ ಹೆಸರೂ 'ಮಹಾ ಸಾರ್ಟಿ' ಅಂತಲೇ ಇದೆ. ಹೋದ ಕೆಲಸ ಆಯಿತೋ ಇಲ್ಲವೋ ಎನ್ನುವುದು ಈ ಪದದೊಳಗೆ ಇಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮೊದಲ ಮಹಾಯುದ್ಧದ ಹೊತ್ತಿಗೆ ಪದ ವಿಮಾನದ ರೆಕ್ಕೆ ಏರಿತು. ಅಲ್ಲಿಗೆ ಅದು ಒಂದು ಘಟನೆಯ ಹೆಸರಾಗಿ ಉಳಿಯದೆ ಲೆಕ್ಕದ ಘಟಕ ಆಯಿತು. ಈಗ ವಾಯುಪಡೆಗಳು ಬಳಸುವ ಅರ್ಥ ತುಂಬಾ ಸರಳ: ಒಂದು ವಿಮಾನ, ಕೆಲಸದ ಮೇಲೆ ಒಂದು ಹಾರಾಟ, ಒಂದು ಸಾರ್ಟಿ. ಇಪ್ಪತ್ತು ವಿಮಾನ ಒಟ್ಟಿಗೆ ಒಂದೇ ಗುರಿಗೆ ಹೋದರೆ ಕಾರ್ಯಾಚರಣೆ ಒಂದು, ಸಾರ್ಟಿ ಇಪ್ಪತ್ತು. ಒಂದೇ ವಿಮಾನ ದಿನಕ್ಕೆ ನಾಲ್ಕು ಸಲ ಹೋಗಿ ಬಂದರೆ ಸಾರ್ಟಿ ನಾಲ್ಕು.

ಈ ಎರಡನೇ ಲೆಕ್ಕದಲ್ಲಿ ಎಷ್ಟು ತಾಕತ್ತು ಇದೆ ಎಂದು 1967ರ ಆರು ದಿನಗಳ ಯುದ್ಧದಲ್ಲಿ ಗೊತ್ತಾಯಿತು. ಇಸ್ರೇಲಿನ ಬಳಿ ಇದ್ದ ಯುದ್ಧವಿಮಾನಗಳು ಸುಮಾರು ಇನ್ನೂರು. ಆದರೆ ಇಳಿದ ವಿಮಾನಕ್ಕೆ ಇಂಧನ ತುಂಬಿ, ಬಾಂಬ್ ಹಾಕಿ, ಹತ್ತು ನಿಮಿಷದೊಳಗೆ ಮತ್ತೆ ಏರಿಸಲು ಅವರ ನೆಲದ ಸಿಬ್ಬಂದಿ ಪಳಗಿದ್ದರು. ಒಂದೊಂದು ವಿಮಾನ ದಿನಕ್ಕೆ ನಾಲ್ಕು ಸಲದವರೆಗೂ ಹೋಗಿ ಬಂತು. ಎದುರಾಳಿಗಳಿಗೆ ಇದು ನಂಬುವ ಮಾತಾಗಿರಲಿಲ್ಲ. ಇಷ್ಟು ವಿಮಾನ ಎಲ್ಲಿಂದ ಬಂತು, ಅಮೆರಿಕ, ಬ್ರಿಟನ್ ಕೂಡ ಸೇರಿಕೊಂಡಿರಬೇಕು ಎಂದು ಈಜಿಪ್ಟ್ ಆರೋಪ ಮಾಡಿತು. ಸಾರ್ಟಿಗಳನ್ನು ವಿಮಾನಗಳೆಂದು ಎಣಿಸಿದರೆ ಹೀಗೇ ಆಗುವುದು.

ಈಗ ಮೊದಲನೇ ಗೊಂದಲಕ್ಕೆ ಬರೋಣ, ಸಾರ್ಟಿ ಅಂದರೆ ದಾಳಿ ಎನ್ನುವುದು. ಇದಕ್ಕೆ 1999ರ ಕೊಸೊವೊ ಯುದ್ಧಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನೇಟೋ 78 ದಿನ ಆಕಾಶದಿಂದ ಯುದ್ಧ ಮಾಡಿತು. ಒಟ್ಟು ಸಾರ್ಟಿ 38,004. ಅದರಲ್ಲಿ ದಾಳಿಯ ಸಾರ್ಟಿ 10,484. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಉಳಿದವರು ಏನು ಮಾಡುತ್ತಿದ್ದರು? ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರುಗಳು ಇದ್ದವು. ರೇಡಾರ್ ಹೊತ್ತು ಮೇಲೆ ಸುತ್ತುತ್ತಾ ಎಲ್ಲರಿಗೂ ದಾರಿ ಹೇಳುವ ವಿಮಾನಗಳು ಇದ್ದವು. ಶತ್ರುವಿನ ರೇಡಾರ್ ಕುರುಡಾಗಿಸುವವು, ಫೋಟೋ ತೆಗೆಯುವವು, ಶತ್ರು ವಿಮಾನ ಬಂದರೆ ಇರಲಿ ಎಂದು ಕಾವಲು ಸುತ್ತುವವು ಇದ್ದವು. ಬಾಂಬ್ ಹೊತ್ತ ಒಂದು ವಿಮಾನ ಗುರಿ ಮುಟ್ಟಬೇಕಾದರೆ ಇವೆಲ್ಲ ಬೇಕು. ಇವುಗಳಲ್ಲಿ ಪ್ರತಿಯೊಂದರ ಹಾರಾಟವೂ ಒಂದೊಂದು ಸಾರ್ಟಿ.

ಬಿ-2 ಬಾಂಬರ್ ಕಥೆ ಇನ್ನೂ ಮಜಾ. ಅದು ಹೊರಡುತ್ತಿದ್ದುದು ಅಮೆರಿಕದ ಮಿಸ್ಸೌರಿಯಿಂದ. ಅಟ್ಲಾಂಟಿಕ್ ದಾಟಿ, ಬಾಂಬ್ ಹಾಕಿ, ಅದೇ ದಾರಿಯಲ್ಲಿ ಮನೆಗೆ. ಇಬ್ಬರು ಪೈಲಟ್‌ಗಳು, ಸುಮಾರು 30 ಗಂಟೆ, ದಾರಿಯಲ್ಲಿ ಹಲವು ಸಲ ಇಂಧನ. ಇಷ್ಟಕ್ಕೂ ಲೆಕ್ಕದಲ್ಲಿ ಸಿಗುವುದು ಒಂದೇ ಸಾರ್ಟಿ. ಇಟಲಿಯಿಂದ ಎದ್ದು, ಏಡ್ರಿಯಾಟಿಕ್ ಸಮುದ್ರ ದಾಟಿ ಕೆಲವೇ ಗಂಟೆಗಳಲ್ಲಿ ವಾಪಸ್ ಬಂದ ಎಫ್-16ಕ್ಕೂ ಒಂದೇ ಸಾರ್ಟಿ. ಬಿ-2ಕ್ಕೆ ದಾರಿಯಲ್ಲಿ ಇಂಧನ ಕೊಟ್ಟ ಟ್ಯಾಂಕರುಗಳ ಸಾರ್ಟಿ ಮಾತ್ರ ಬೇರೆ ಬೇರೆ.

ಇಡೀ ಯುದ್ಧದಲ್ಲಿ ಬಿ-2ಗಳು ಹೋಗಿದ್ದು ಐವತ್ತಕ್ಕೂ ಕಡಿಮೆ ಸಾರ್ಟಿ. ಒಟ್ಟು ಲೆಕ್ಕದಲ್ಲಿ ಶೇಕಡಾ ಒಂದೂ ಇಲ್ಲ. ಆದರೆ ಬಿದ್ದ ಬಾಂಬುಗಳಲ್ಲಿ ಅವುಗಳ ಪಾಲು ಸುಮಾರು ಶೇಕಡಾ 11. ಒಂದು ವಿಮಾನ ದೊಡ್ಡ 16 ಬಾಂಬ್ ಹೊರುತ್ತಿತ್ತು. ಜೊತೆಗೆ ಆ ಬಾಂಬುಗಳು ಉಪಗ್ರಹದ ಸಂಕೇತ ಹಿಡಿದು ಹೋಗುವಂಥವು, ಮೋಡ ಅಡ್ಡ ಬಂದರೂ ತೊಂದರೆ ಇರಲಿಲ್ಲ. ಬೇರೆ ಎಷ್ಟೋ ವಿಮಾನಗಳು ಲೇಸರ್ ಬೆಳಕು ತೋರಿಸಿ ಬಾಂಬ್ ಹಾಕಬೇಕಿತ್ತು. ಬಾಲ್ಕನ್ ಪ್ರದೇಶದ ಆ ವಸಂತದ ಮೋಡಗಳಲ್ಲಿ ಗುರಿಯೇ ಕಾಣುತ್ತಿರಲಿಲ್ಲ. ಹೊತ್ತು ಹೋದ ಬಾಂಬನ್ನು ಹಾಗೇ ವಾಪಸ್ ತಂದವರು ಎಷ್ಟೋ ಮಂದಿ. ಬಾಂಬ್ ಬೀಳದಿದ್ದರೂ ಹಾರಾಟ ಹಾರಾಟವೇ, ಅದೂ ಒಂದು ಸಾರ್ಟಿ. ಜನರಲ್ ಡ್ಯುಕ್ರೋ ನೆನಪಾಗುತ್ತಾನೆ, ಅಲ್ವಾ?

ವಾಯುಪಡೆಯವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರಲ್ಲಿ 'ಎಫೆಕ್ಟಿವ್ ಸಾರ್ಟಿ' ಎಂಬ ಬೇರೆ ಲೆಕ್ಕ ಇದೆ. ಹೋದ ಕೆಲಸ ಆದ ಹಾರಾಟ ಎಂದರ್ಥ. ಏರುವ ಮೊದಲೇ ಕೈಬಿಟ್ಟಿದ್ದು ಬೇರೆ, ಏರಿದ ಮೇಲೆ ಇಂಜಿನ್ ಕೈಕೊಟ್ಟು ವಾಪಸ್ ಬಂದಿದ್ದು ಬೇರೆ ಖಾತೆ. ಪತ್ರಿಕಾಗೋಷ್ಠಿಯ ಹೊತ್ತಿಗೆ ಈ ಖಾತೆಗಳೆಲ್ಲ ಮಾಯವಾಗಿ, ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಒಂದೇ ಮೈಕಿನ ಮುಂದೆ ಬಂದು ನಿಲ್ಲುತ್ತದೆ. ಸುಳ್ಳಲ್ಲ. ಆದರೆ ಕೇಳುವವರು ಏನೆಂದುಕೊಳ್ಳುತ್ತಾರೆ ಎಂಬುದು ಹೇಳುವವರಿಗೆ ಗೊತ್ತಿಲ್ಲದೆ ಏನಿಲ್ಲ.

ಹೊರಗಿನವರನ್ನು ಬಿಡಿ, ಈ ಸಂಖ್ಯೆ ಒಳಗಿನವರನ್ನೂ ಕೆಡಿಸಿದ್ದು ಇದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ವಾಯುಪಡೆಗೂ ನೌಕಾಪಡೆಗೂ ಯಾರ ಸಾರ್ಟಿ ಜಾಸ್ತಿ ಎಂಬ ಪೈಪೋಟಿ ಬೆಳೆದಿತ್ತು. 1966ರಲ್ಲಿ ಬಾಂಬುಗಳ ಕೊರತೆ ಬಂತು. ಬಾಂಬ್ ಕಡಿಮೆ ಇದ್ದರೆ ಹಾರಾಟ ಕಡಿಮೆ ಮಾಡಿ, ಇರುವ ವಿಮಾನಗಳಿಗೆ ಪೂರ್ತಿ ಹೊರಿಸಿ ಕಳಿಸಬೇಕು. ಆದರೆ ಹಾಗೆ ಮಾಡಿದರೆ ಸಾರ್ಟಿ ಸಂಖ್ಯೆ ಇಳಿಯುತ್ತದಲ್ಲ! ಅರ್ಧಂಬರ್ಧ ಬಾಂಬ್ ಹೊರಿಸಿ ವಿಮಾನ ಕಳಿಸಿದರು. ಒಂದು ವಿಮಾನ ಹೊತ್ತು ಹೋಗಬಹುದಾಗಿದ್ದನ್ನು ಎರಡು ಹೊತ್ತು ಹೋದರೆ, ಫಿರಂಗಿ ಗುಂಡಿನ ಮುಂದೆ ಹಾಯಬೇಕಾದ ಪೈಲಟ್‌ಗಳೂ ಇಬ್ಬರಾಗುತ್ತಾರೆ. ವರದಿಯಲ್ಲಿ ಮಾತ್ರ ಗೆರೆ ಮೇಲಕ್ಕೇ ಹೋಗುತ್ತಿರುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಈಗ ದಿನದ ಮಾತಿಗೆ. ಪದ ಸೈನ್ಯದಿಂದ ಆಚೆ ಬಂದಿದ್ದು ಒಂದೇ ದಾರಿಯಲ್ಲಿ ಅಲ್ಲ. 1970ರ ದಶಕದ ಶುರುವಿನಲ್ಲಿ ನಾಸಾ ತನ್ನ ಸ್ಪೇಸ್ ಶಟಲ್‌ನ ಹೊಟ್ಟೆಯಲ್ಲಿ ಇಟ್ಟು ಕಳಿಸುವ ಪ್ರಯೋಗಾಲಯವನ್ನು 'ಸಾರ್ಟಿ ಲ್ಯಾಬ್' ಎಂದು ಕರೆಯುತ್ತಿತ್ತು. ಅದೇ ಮುಂದೆ ಸ್ಪೇಸ್‌ಲ್ಯಾಬ್ ಆಯಿತು. ಮೇಲೆಯೇ ಉಳಿಯುವ ನಿಲ್ದಾಣ ಅದಲ್ಲ, ಹೋಗಿ ಕೆಲಸ ಮುಗಿಸಿ ಶಟಲ್ ಜೊತೆಗೇ ವಾಪಸ್ ಬರುವಂಥದ್ದು. ಹಾಗಾಗಿ ಹೆಸರು ಸರಿಯಾಗಿಯೇ ಇತ್ತು. ಪ್ರವಾಹದಲ್ಲಿ ಸಿಕ್ಕಿಬಿದ್ದವರನ್ನು ಎತ್ತಿ ತರುವ ಹೆಲಿಕಾಪ್ಟರಿನವರು, ಕಾಡಿನ ಬೆಂಕಿಗೆ ನೀರು ಸುರಿಯುವವರು ಸಾರ್ಟಿ ಅನ್ನುತ್ತಾರೆ. ಇವೆಲ್ಲದರಲ್ಲೂ ಹೋಗಿ ಬರುವ ಅರ್ಥ ಗಟ್ಟಿಯಾಗಿ ಉಳಿದಿದೆ.

ಫ್ರಿಜ್ ಸಾರ್ಟಿಯೂ ಹಾಗೇ. ಹೊದಿಕೆಯ ಸುರಕ್ಷಿತ ಜಾಗ ಬಿಟ್ಟು, ಯಾರಿಗೂ ಸುಳಿವು ಕೊಡದೆ ಹೊರಟು, ಬೇಕಾದ್ದು ಹೊತ್ತು, ಸಿಕ್ಕಿಬೀಳದೆ ಮರಳುವುದು. ಕೋಟೆ ಕಾಲದ ಸಾರ್ಟಿಯ ಲಕ್ಷಣವೆಲ್ಲ ಇದರಲ್ಲಿದೆ. ಹಾಗೆಂದು ಎಲ್ಲದಕ್ಕೂ ಅಂಟಿಸಿದರೆ ನಾನು ಒಪ್ಪುವುದಿಲ್ಲ. 'ಸಿನಿಮಾದಿಂದ ರಾಜಕೀಯಕ್ಕೆ ಅವರ ಮೊದಲ ಸಾರ್ಟಿ' ಎಂಬ ಮಾತು ಬರುತ್ತದಲ್ಲ, ಅಲ್ಲಿ ವಾಪಸ್ ಬರುವ ಉದ್ದೇಶವೇ ಇಲ್ಲ. ಸುಮ್ನೆ 'ಪ್ರವೇಶ' ಅಂದರೆ ಸಾಕು.

ಇನ್ನು ಈ ಪದ ಈಗ ದಿನವೂ ಕೆಲಸ ಮಾಡುತ್ತಿರುವುದು ಡ್ರೋನ್‌ನವರ ಬಾಯಲ್ಲಿ. ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನ್ ಒಂದು ಟ್ಯಾಂಕ್ ತುಂಬಿಕೊಂಡು ಏರಿ, ಖಾಲಿ ಮಾಡಿ ಇಳಿದರೆ ಅದು ಒಂದು ಸಾರ್ಟಿ. ಬ್ಯಾಟರಿ ಬದಲಿಸಿ, ಟ್ಯಾಂಕ್ ತುಂಬಿ ಮತ್ತೆ ಏರಿದರೆ ಎರಡನೆಯದು. 1967ರ ಲೆಕ್ಕವೇ ಇಲ್ಲೂ ನಡೆಯುವುದು. ಎಷ್ಟು ಡ್ರೋನ್ ಇದೆ ಎನ್ನುವುದಕ್ಕಿಂತ ಇಳಿದ ಡ್ರೋನ್ ಎಷ್ಟು ಬೇಗ ಮತ್ತೆ ಏರುತ್ತದೆ ಎನ್ನುವುದೇ ದಿನದ ಕೆಲಸವನ್ನು ತೀರ್ಮಾನಿಸುತ್ತದೆ. ಆದರೆ ಕೂಲಿಯನ್ನು ಸಾರ್ಟಿ ಲೆಕ್ಕದಲ್ಲಿ ಕೊಡಲು ಹೊರಟರೆ, ಅರ್ಧ ಟ್ಯಾಂಕ್ ತುಂಬಿ ಎರಡು ಸಲ ಹಾರಿಸುವವರು ಖಂಡಿತ ಹುಟ್ಟಿಕೊಳ್ಳುತ್ತಾರೆ. ಸಿಂಪಡಿಸಿದ ಜಾಗದ ಲೆಕ್ಕದಲ್ಲಿ ಕೊಡುವುದೇ ವಾಸಿ.

ಮುಂದಿನ ಸಲ ಟಿವಿಯವರು ಐನೂರು ಸಾರ್ಟಿ ಅಂದಾಗ ನಾನಂತೂ ಮೂರು ಪ್ರಶ್ನೆ ಕೇಳುವವನು. ಅದರಲ್ಲಿ ಟ್ಯಾಂಕರ್ ಎಷ್ಟು? ಬಾಂಬ್ ಹಾಗೇ ವಾಪಸ್ ತಂದವು ಎಷ್ಟು? ಅಷ್ಟನ್ನೂ ಹಾರಿದ್ದು ಎಷ್ಟು ವಿಮಾನ? ನಿಮಗೆ ಯಾವುದಾದರೂ ಚಾನೆಲ್‌ನಲ್ಲಿ ಉತ್ತರ ಸಿಕ್ಕರೆ ಕಾಮೆಂಟಿನಲ್ಲಿ ಹಾಕಿ.