ಸ್ಟಿಕ್ಕರ್ ಅಂಟಿಸುವ ಮುನ್ನ ಬಾರ್‌ಕೋಡ್ ನೋಡಿ

“ಒಂದು ಪ್ರಾಂತ್ಯದ ಆಡುಮಾತಿನಲ್ಲಿ ಉತ್ಪನ್ನದ ಹೆಸರು ಅಸಭ್ಯವಾಗಿ ಕೇಳಿಸಿದರೆ ಎಲ್ಲ ಕಡೆಯೂ ಅದನ್ನು ಬದಲಿಸಲೇಬೇಕೇ?”

ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹ್ಯುಂಡೈ ತನ್ನ ‘ಕೋನಾ’ ಕಾರನ್ನು, ಆ ಹೆಸರು ಅಸಭ್ಯವಾಗಿ ಕೇಳಿಸುವ ಪೋರ್ಚುಗಲ್‌ನಲ್ಲಿ ಮಾತ್ರ ‘ಕವಾಯಿ’ ಎಂದು ಮಾರಿತು. ಎರಡೂ ಹವಾಯಿಯ ಸ್ಥಳನಾಮಗಳೇ ಆದ್ದರಿಂದ ಹೆಸರಿನ ಹಿಂದಿನ ಕಲ್ಪನೆಗೆ ಧಕ್ಕೆಯಾಗಲಿಲ್ಲ.

ಸರಕು ಈಗಾಗಲೇ ಅಂಗಡಿಗಳಲ್ಲಿದ್ದರೆ ಮಾತ್ರ ಕೆಲಸ ಹೆಚ್ಚು. ಹಳೆಯ ಪೊಟ್ಟಣದ ಮೇಲೆ ಹೊಸ ಹೆಸರಿನ ಸ್ಟಿಕ್ಕರ್ ಅಂಟಿಸಿ ಸಮಸ್ಯೆ ಮುಗಿಯಿತೆಂದುಕೊಳ್ಳುವವರೇ ಹೆಚ್ಚು, ಆದರೆ ಬಾರ್‌ಕೋಡ್ ಹಳೆಯದೇ ಉಳಿದರೆ ಬಿಲ್ಲಿಂಗ್ ಯಂತ್ರವು ತನ್ನ ದಾಖಲೆಯಲ್ಲಿರುವ ಹಳೆಯ ಹೆಸರನ್ನೇ ಓದಿಕೊಂಡು, ಮರೆಮಾಡಬೇಕಾಗಿದ್ದ ಆ ಪದವನ್ನೇ ಗ್ರಾಹಕರ ರಸೀದಿಯ ಮೇಲೆ ಮುದ್ರಿಸುತ್ತದೆ. ಬಾರ್‌ಕೋಡ್ ಸಂಖ್ಯೆಗಳನ್ನು ನಿರ್ವಹಿಸುವ ಜಿಎಸ್1 ಸಂಸ್ಥೆಯ ನಿಯಮದಂತೆಯೂ ಮುಖ್ಯ ಬ್ರ್ಯಾಂಡ್ ಹೆಸರು ಬದಲಾದರೆ ಹೊಸ ಸಂಖ್ಯೆ ಬೇಕು. ಆದ್ದರಿಂದ ಮೊದಲು ಹೊಸ ಹೆಸರಿನ ಟ್ರೇಡ್‌ಮಾರ್ಕ್ ಶೋಧ, ಅನಂತರ ಹೊಸ ಸಂಖ್ಯೆ, ಅದು ಅಂಗಡಿಗಳ ದಾಖಲೆಗೆ ಸೇರಿದ ಮೇಲಷ್ಟೇ ಹಳೆಯ ಕೋಡನ್ನೂ ಮುಚ್ಚುವಂಥ ಸ್ಟಿಕ್ಕರ್.

ಆ್ಯಪ್ ಆಗಿದ್ದರೆ ಕಾಣುವ ಹೆಸರನ್ನು ಭಾಷೆವಾರು ಬದಲಿಸಬಹುದು. ಆಂಡ್ರಾಯ್ಡ್‌ನಲ್ಲಿ ಆ್ಯಪನ್ನು ಗುರುತಿಸುವ ಪ್ಯಾಕೇಜ್ ಹೆಸರು ಮಾತ್ರ ಒಮ್ಮೆ ಪ್ರಕಟವಾದರೆ ಬದಲಾಗದು, ಪ್ಲೇ ಸ್ಟೋರ್ ಕೊಂಡಿಯಲ್ಲಿ ಅದು ಹಾಗೆಯೇ ಕಾಣುತ್ತದೆ.

ಹೊಸ ಹೆಸರನ್ನು ಆ ಪ್ರಾಂತ್ಯದ ಬೇರೆ ಬೇರೆ ವಯಸ್ಸಿನವರಿಂದ ಗಟ್ಟಿಯಾಗಿ ಓದಿಸಿ ಕೇಳಬೇಕು, ಏಕೆಂದರೆ ಬೈಗುಳ ನಿಘಂಟಿನಲ್ಲಿ ಸಿಗದಿರಬಹುದು.