ಕ್ಲಾಸ್ 7 ಕೋಣೆಗೆ ಗಂಟೆಗೆ 60 ಸಲ ಗಾಳಿ ಬದಲಾಗಲೇಬೇಕಾ?

ಇದು ಕ್ಲೀನ್‌ರೂಮ್, ಅಂದರೆ ಗಾಳಿಯಲ್ಲಿನ ಧೂಳನ್ನು ಹತೋಟಿಯಲ್ಲಿಡುವ ಕೋಣೆ. 10 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಎತ್ತರ. ಒಳಗೆ ಎರಡು ಸಾಲು ಬೆಂಚು, ಎಂಟು ಜನ ಕೂತು ಕ್ಯಾಮೆರಾ ಮಾಡ್ಯೂಲ್ ಜೋಡಿಸುತ್ತಾರೆ. ಕೆಲಸ ನಡೆಯುತ್ತಿರುವಾಗಲೇ ಐಎಸ್‌ಒ ಕ್ಲಾಸ್ 7 ಸಿಗಬೇಕು. ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,52,000 ಮೀರಬಾರದು. ಗಾಳಿ ಸೋಸಿ ಕೆಳಗೆ ತಳ್ಳುವ ಫ್ಯಾನ್ ಫಿಲ್ಟರ್ ಯೂನಿಟ್ ಸೀಲಿಂಗಿನಲ್ಲಿ ಎಷ್ಟು ಹಾಕಬೇಕು ಅನ್ನೋದೇ ಜಗಳ.

ಪರ: 60 ಇರಲಿ

ಲೆಕ್ಕ ಸರಳ. ಕೋಣೆಯ ಗಾತ್ರ 240 ಘನ ಮೀಟರ್. ಗಂಟೆಗೆ 60 ಸಲ ಬದಲಾಗಬೇಕಾದರೆ 14,400 ಘನ ಮೀಟರ್ ಗಾಳಿ ಬೇಕು. 1.2 ಮೀಟರ್ ಉದ್ದ, 0.6 ಮೀಟರ್ ಅಗಲದ ಒಂದು ಯೂನಿಟ್ ಗಂಟೆಗೆ ಸುಮಾರು 1,000 ಘನ ಮೀಟರ್ ಕೊಡುತ್ತದೆ ಅಂದುಕೊಂಡರೆ 15 ಯೂನಿಟ್ ಬೇಕು. ಇಷ್ಟು ಹಾಕಿದರೂ ಅವುಗಳ ಹೆಪಾ ಫಿಲ್ಟರ್ ಮುಚ್ಚುವುದು ಸೀಲಿಂಗಿನ 13.5 ಶೇಕಡಾ ಮಾತ್ರ. ಕ್ಲಾಸ್ 7ಕ್ಕೆ 15ರಿಂದ 25 ಶೇಕಡಾ ಅನ್ನುವುದು ಈ ಕಸುಬಿನಲ್ಲಿ ರೂಢಿ. ಹಾಗಾಗಿ 15 ಯೂನಿಟ್ ದುಂದು ಅಲ್ಲವೇ ಅಲ್ಲ.

ಸರಾಸರಿ ಚೆನ್ನಾಗಿದೆ ಅಂದರೆ ಪ್ರಮಾಣಪತ್ರ ಸಿಗುವುದಿಲ್ಲ. 80 ಚದರ ಮೀಟರ್ ಕೋಣೆಯಲ್ಲಿ ಕ್ಲೀನ್‌ರೂಮ್ ಮಾನದಂಡವಾದ ಐಎಸ್‌ಒ 14644-1ರ ಪ್ರಕಾರ 16 ಕಡೆ ಪಾರ್ಟಿಕಲ್ ಕೌಂಟರ್ ಇಟ್ಟು ಅಳೆಯಬೇಕು, ಪ್ರತಿ ಜಾಗವೂ ಪಾಸಾಗಬೇಕು. ಯೂನಿಟ್ ಕಡಿಮೆ ಮಾಡಿದರೆ ಅವುಗಳ ನಡುವಿನ ಅಂತರ ಹೆಚ್ಚುತ್ತದೆ. ಆ ಅಂತರದ ಕೆಳಗೆ ಗಾಳಿ ಸುಮ್ನೆ ಸುತ್ತುತ್ತಿರುತ್ತದೆ. ಅಲ್ಲಿ ಬಿಸಿ ಯಂತ್ರವಿದ್ದರೆ ಅದರ ಶಾಖ ಧೂಳನ್ನು ಮತ್ತೆ ಮೇಲೆತ್ತುತ್ತದೆ. ಸ್ಮೋಕ್ ಟೆಸ್ಟ್ ಮಾಡಿದರೆ ಇದು ಕಣ್ಣಿಗೇ ಕಾಣುತ್ತದೆ: ಹೊಗೆ, ಗಾಳಿ ಕೋಣೆಯಿಂದ ವಾಪಸ್ ಹೋಗುವ ರಿಟರ್ನ್ ಗ್ರಿಲ್ ಕಡೆ ಹೋಗದೆ ಒಂದೇ ಕಡೆ ತೇಲುತ್ತಾ ನಿಲ್ಲುತ್ತದೆ.

ಇನ್ನೊಂದು ವಿಷಯ, ಚೇತರಿಕೆ. ಬಾಗಿಲು ತೆರೆದಾಗ ಕಣ ನುಗ್ಗಿತು ಅನ್ನಿ. ಗಾಳಿ ಚೆನ್ನಾಗಿ ಬೆರೆಯುವ ಕೋಣೆಯಲ್ಲಿ ಆ ಕಣಗಳು ನೂರರಲ್ಲಿ ಒಂದು ಪಾಲಿಗೆ ಇಳಿಯಲು 60ರ ದರದಲ್ಲಿ 4.6 ನಿಮಿಷ ಸಾಕು, 30ರಲ್ಲಿ 9.2 ನಿಮಿಷ ಬೇಕು. ಬಾಗಿಲು ಹತ್ತು ನಿಮಿಷಕ್ಕೊಮ್ಮೆ ತೆರೆಯುವ ಲೈನಿನಲ್ಲಿ 30ರ ಕೋಣೆ ಸುಧಾರಿಸಿಕೊಳ್ಳುವ ಹೊತ್ತಿಗೆ ಬಾಗಿಲು ಮತ್ತೆ ತೆರೆಯುವ ಸಮಯ ಹತ್ತಿರ ಬಂದಿರುತ್ತದೆ.

ವಿರೋಧ: ಕೋಣೆ ಕಣ ಉಗುಳುವುದಿಲ್ಲ, ಜನ ಉಗುಳುತ್ತಾರೆ

60 ಎಲ್ಲಿಂದ ಬಂತು? ಐಎಸ್‌ಒ 14644-1ರಲ್ಲಿ ಕ್ಲಾಸಿಗೆ ಕಣದ ಮಿತಿ ಇದೆ, ಗಾಳಿ ಬದಲಾವಣೆಯ ದರ ಇಲ್ಲ. ಇದೇ ಕೋಣೆಯ ಸೀಲಿಂಗನ್ನು 4 ಮೀಟರಿಗೆ ಏರಿಸಿ ನೋಡಿ. ಅದೇ 14,400 ಘನ ಮೀಟರ್ ಗಾಳಿ, ಅದೇ ಎಂಟು ಜನ. ದರ ಮಾತ್ರ 45ಕ್ಕೆ ಇಳಿಯಿತು. ಗಾಳಿ ಚೆನ್ನಾಗಿ ಬೆರೆಯುತ್ತಿದ್ದರೆ ಕಣದ ಸಾಂದ್ರತೆ ಇದ್ದಲ್ಲೇ ಇರುತ್ತದೆ. ಹಾಗಾದರೆ ದರ ಹಿಡಿದು ಯಾಕೆ ವಿನ್ಯಾಸ ಮಾಡಬೇಕು?

ಮೂಲದಿಂದ ಲೆಕ್ಕ ಶುರು ಮಾಡೋಣ. ಕ್ಲೀನ್‌ರೂಮ್ ಬಟ್ಟೆ ಹಾಕಿಕೊಂಡ ಒಬ್ಬರು ನಿಮಿಷಕ್ಕೆ 10 ಲಕ್ಷ ಕಣ ಉದುರಿಸುತ್ತಾರೆ ಅಂತ ಇಟ್ಟುಕೊಳ್ಳಿ. ಎಂಟು ಜನರಿಂದ 80 ಲಕ್ಷ. 60ರ ದರದಲ್ಲಿ ನಿಮಿಷಕ್ಕೆ ಬರುವ ಗಾಳಿ 240 ಘನ ಮೀಟರ್. ಭಾಗಿಸಿದರೆ ಘನ ಮೀಟರಿಗೆ ಸುಮಾರು 33,000 ಕಣ, ಮಿತಿಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ದರವನ್ನು 30ಕ್ಕೆ ಇಳಿಸಿ, ಜೊತೆಗೆ ಅರ್ಧ ಗಾಳಿ ಕೆಲಸಕ್ಕೆ ಬಾರದೆ ಹೋಗುತ್ತದೆ ಅಂತಲೂ ಹಿಡಿಯಿರಿ. ಆಗಲೂ 1,33,000. ಮಿತಿಗೆ ಇನ್ನೂ ದೂರವೇ ಇದೆ. ಜನರ ಸಂಖ್ಯೆ ಹೆಚ್ಚಿದರೆ, ಬಟ್ಟೆ ಹಳೆಯದಾದರೆ ಈ ಲೆಕ್ಕ ಕೆಡುತ್ತದೆ, ನಿಜ. ಆದರೆ ಯಾವುದರಿಂದ ಕೆಟ್ಟಿತು ಅನ್ನುವುದಾದರೂ ಗೊತ್ತಾಗುತ್ತದೆ.

ಕ್ಯಾಮೆರಾ ಮಾಡ್ಯೂಲನ್ನು ಹಾಳು ಮಾಡುವುದು ಹೆಚ್ಚಾಗಿ ಸೆನ್ಸರ್ ಮೇಲೆ ಕೂರುವ ದೊಡ್ಡ ಚೂರು. ನೀರಿನಷ್ಟು ಸಾಂದ್ರತೆಯ 50 ಮೈಕ್ರಾನ್ ಚೂರು ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 7 ಸೆಂಟಿಮೀಟರ್ ಬೀಳುತ್ತದೆ. ಕೈಯಿಂದ ಉದುರಿ ಒಂದಡಿ ಕೆಳಗಿನ ಟ್ರೇ ತಲುಪಲು ನಾಲ್ಕೈದು ಸೆಕೆಂಡ್. ಇಡೀ ಕೋಣೆಯ ಗಾಳಿ ಒಂದು ನಿಮಿಷಕ್ಕೆ ಬದಲಾದರೂ ಎರಡು ನಿಮಿಷಕ್ಕೆ ಬದಲಾದರೂ ಅದಕ್ಕೆ ಲೆಕ್ಕವೇ ಇಲ್ಲ.

ಹಾಗಾಗಿ ನನ್ನ ಆಯ್ಕೆ ಎಂಟು ಯೂನಿಟ್. ಎಲ್ಲವೂ ಬೆಂಚುಗಳ ನೇರ ಮೇಲೆ, ಸುತ್ತ ಪರದೆ. ಒಟ್ಟು 8,000 ಘನ ಮೀಟರ್, ಅಂದರೆ ಗಂಟೆಗೆ 33 ಸಲ. ಸೀಲಿಂಗಿನ 7 ಶೇಕಡಾ ಮಾತ್ರ ಮುಚ್ಚುತ್ತದೆ, ಆದರೆ ಮುಚ್ಚಬೇಕಾದ ಕಡೆ ಮುಚ್ಚುತ್ತದೆ. ಬಾಗಿಲಿನ ಕಾಟಕ್ಕೆ ಮದ್ದು ಎರಡು ಬಾಗಿಲಿನ ಏರ್‌ಲಾಕ್ ಮತ್ತು ಹೊರಗಿಗಿಂತ ಹೆಚ್ಚಿರುವ ಒಳಗಿನ ಒತ್ತಡ, ಹೆಚ್ಚುವರಿ ಫ್ಯಾನ್ ಅಲ್ಲ. ಮೂಲೆಯ ಯಾವುದೋ ಅಳತೆ ಜಾಗ ಫೇಲಾಗಬಹುದು ಅನ್ನುವ ಎದುರು ಪಕ್ಷದ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೇ ಸೀಲಿಂಗ್ ಗ್ರಿಡ್ಡಿನಲ್ಲಿ ನಾಲ್ಕು ಖಾಲಿ ಜಾಗ ಬಿಟ್ಟು, ವೈರಿಂಗ್ ಎಳೆದಿಡಿ.

ಎಣಿಕೆ ಏರಿದರೆ ಮೊದಲು ಜನರಿಲ್ಲದಾಗ ಅಳೆಯಿರಿ. ಆಗಲೂ ಒಂದೇ ಯೂನಿಟ್ಟಿನ ಕೆಳಗೆ ಜಾಸ್ತಿ ಬಂದರೆ ಆ ಫಿಲ್ಟರಿನಲ್ಲೋ ಅದರ ಗ್ಯಾಸ್ಕೆಟ್ಟಿನಲ್ಲೋ ಸೋರಿಕೆ ಇರುವ ಸಾಧ್ಯತೆ ಹೆಚ್ಚು. ಅಲ್ಲಿ ಫ್ಯಾನ್ ವೇಗ ಹೆಚ್ಚಿಸಿ ಪ್ರಯೋಜನವಿಲ್ಲ, ಗಾಳಿಯ ಜೊತೆ ಸೋರುವ ಕಣವೂ ಹೆಚ್ಚುತ್ತದೆ. ಜನ ಬಂದಾಗ ಮಾತ್ರ ಏರಿದರೆ ಖಾಲಿ ಜಾಗಕ್ಕೆ ಒಂದು ಯೂನಿಟ್ ಸೇರಿಸಿ, ಮತ್ತೆ ಎಣಿಸಿ.