ಹೆಸರಿನ ಕೊನೆಗೆ ‘ಅಣ್ಣ’, ‘ಅಕ್ಕ’: ನಾವೇ ಸೇರಿಸಿಕೊಳ್ಳಬಹುದೇ?

ಕರೆಯುವ ಹೆಸರಿಗೆ ಅಣ್ಣ, ಅಕ್ಕ, ಅಪ್ಪ, ಅವ್ವ ಸೇರಿಸುವುದು ನಮ್ಮಲ್ಲಿ ಹೊಸದಲ್ಲ. ಜಾಲತಾಣದಲ್ಲಿ ಯೂಸರ್‌ನೇಮ್ ಆರಿಸಿಕೊಳ್ಳುವವರು ತಾವೇ ಅದನ್ನು ಸೇರಿಸಿಕೊಳ್ಳುವುದು ಸರಿಯೇ? ಮಂಡ್ಯದಿಂದ ಒಬ್ಬರು, ಮೈಸೂರಿನಿಂದ ಒಬ್ಬರು ಬರೆದಿದ್ದಾರೆ.

ಪರ: ಸೇರಿಸಿಕೊಳ್ಳಲಿ, ಕನ್ನಡದ ಕ್ರಿಯಾಪದವೇ ಅದನ್ನು ಕೇಳುತ್ತದೆ

‘ಮಂಜು’ ಎಂಬ ಹೆಸರಿನವರೊಬ್ಬರು ಕಬ್ಬಿಗೆ ಗೊಣ್ಣೆಹುಳು ಬಿದ್ದಿದೆ, ಏನು ಮಾಡಲಿ ಎಂದು ಜಾಲತಾಣದಲ್ಲಿ ಕೇಳುತ್ತಾರೆ ಎಂದುಕೊಳ್ಳಿ. ಉತ್ತರ ಗೊತ್ತಿರುವವನು ಮೊದಲ ವಾಕ್ಯದಲ್ಲೇ ಸಿಕ್ಕಿಕೊಳ್ಳುತ್ತಾನೆ. ‘ಯಾವ ಔಷಧಿ ಹಾಕಿದೆ’ ಎನ್ನಬೇಕೋ, ‘ಹಾಕಿದಿರಿ’ ಎನ್ನಬೇಕೋ? ಪಕ್ಕದವನಿಗೆ ಹೇಳುವಾಗ ‘ಮಂಜು ಕೇಳಿದ’ ಎನ್ನಬೇಕೋ, ‘ಕೇಳಿದಳು’ ಎನ್ನಬೇಕೋ, ‘ಕೇಳಿದರು’ ಎನ್ನಬೇಕೋ? ಮಂಜುನಾಥನೂ ಮಂಜು, ಮಂಜುಳಾ ಕೂಡ ಮಂಜು. ಹದಿನೆಂಟರ ಹುಡುಗನೂ ಇರಬಹುದು, ಎಪ್ಪತ್ತರ ಯಜಮಾನರೂ ಇರಬಹುದು. ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ ಎಂದು ತೀರ್ಮಾನಿಸದೆ ಕನ್ನಡದಲ್ಲಿ ಒಂದು ವಾಕ್ಯ ಮುಗಿಸುವುದು ಕಷ್ಟ. ಎದುರಿಗೆ ಮುಖವಿದ್ದರೆ ಕಣ್ಣು ಆ ಕೆಲಸ ಮಾಡುತ್ತದೆ. ಮುಖವಿಲ್ಲದ ಕಡೆ ಹೆಸರೇ ಮಾಡಬೇಕು. ‘ಮಂಜಣ್ಣ’ ಎಂದೋ ‘ಮಂಜಕ್ಕ’ ಎಂದೋ ಇದ್ದರೆ ಓದಿದವನ ಗೊಂದಲ ಅಲ್ಲಿಗೇ ಮುಗಿಯಿತು.

ಎಲ್ಲರಿಗೂ ‘ನೀವು’ ಎಂದರೆ ಸಾಲದೇ ಎಂದು ಕೇಳುವವರು ನಮ್ಮ ಕಡೆಯ ಮಾತು ಕೇಳಿಲ್ಲ. ಮಂಡ್ಯದ ಹಳ್ಳಿಯಲ್ಲಿ ದಿನಾ ಡೈರಿಗೆ ಹಾಲು ಹಾಕಲು ಜೊತೆಯಲ್ಲಿ ಹೋಗುವವನಿಗೆ ಒಂದು ದಿನ ಇದ್ದಕ್ಕಿದ್ದಂತೆ ‘ನೀವು’ ಎಂದು ನೋಡಿ. ನನ್ನಿಂದ ಏನು ತಪ್ಪಾಯಿತು ಎಂದು ಅವನು ಕೇಳುತ್ತಾನೆ. ‘ಹೇಳಣ್ಣ, ಯಾವಾಗ ಬರುತ್ತೀಯ’ ಎಂಬ ಮಾತಿನಲ್ಲಿ ಕ್ರಿಯಾಪದ ಏಕವಚನದ್ದು, ಆದರೆ ಅಗೌರವ ಎಳ್ಳಷ್ಟೂ ಇಲ್ಲ. ಗೌರವದ ಭಾರವನ್ನೆಲ್ಲ ‘ಅಣ್ಣ’ ಹೊತ್ತುಕೊಂಡು ಕ್ರಿಯಾಪದವನ್ನು ಸಲಿಗೆಗೆ ಬಿಟ್ಟುಕೊಟ್ಟಿದೆ. ಮರ್ಯಾದೆಯೂ ಸಲಿಗೆಯೂ ಒಟ್ಟಿಗೆ ಬರುವ ಈ ಅನುಕೂಲ ಬರೀ ‘ನೀವು’ವಿನಲ್ಲಿ ಸಿಗುವುದಿಲ್ಲ.

ಹಾಗೆಂದು ಎಲ್ಲ ನಂಟಿನ ಪದವೂ ಯೂಸರ್‌ನೇಮಿಗೆ ಹೊಂದುವುದಿಲ್ಲ. ಅಣ್ಣ, ಅಕ್ಕ ಎರಡೂ ಗಟ್ಟಿ: ಅವನ್ನು ಯಾರು ಯಾರಿಗೆ ಬೇಕಾದರೂ ಹೇಳಬಹುದು, ಬೇರೆ ಅರ್ಥ ಬರುವುದಿಲ್ಲ. ‘ಅಪ್ಪ’ ಸ್ವಲ್ಪ ಜಾರುತ್ತದೆ. ನಿಂಗಪ್ಪ, ಪುಟ್ಟಪ್ಪ ಎಂದು ಹುಟ್ಟುಹೆಸರಿನಲ್ಲೇ ಇದ್ದರೆ ಸರಿ, ಹೊಸದಾಗಿ ಅಂಟಿಸಿಕೊಂಡರೆ ಮೇಲಕ್ಕೂ ಎಳೆಯುತ್ತದೆ, ಕೆಳಕ್ಕೂ ಎಳೆಯುತ್ತದೆ. ಏಕೆಂದರೆ ‘ಬಾರಪ್ಪ, ಕೂತುಕೊಳ್ಳಪ್ಪ’ ಎಂದು ನಾವು ಮೊಮ್ಮಗನ ವಯಸ್ಸಿನವನಿಗೂ ಹೇಳುತ್ತೇವೆ. ‘ಮಾವ’ ಬೇಡವೇ ಬೇಡ. ಸೋದರಮಾವನೂ ಮಾವ, ಹೆಣ್ಣು ಕೊಟ್ಟವನೂ ಮಾವ, ಸಂಬಂಧದಲ್ಲೇ ಮದುವೆಯಾಗುವ ಮನೆಗಳಲ್ಲಿ ಗಂಡನಾಗುವವನೂ ಮಾವ. ಗುರುತಿಲ್ಲದ ಹೆಣ್ಣುಮಕ್ಕಳು ಆ ಹೆಸರಿಟ್ಟುಕೊಂಡವನಿಗೆ ಉತ್ತರ ಬರೆಯಲು ಹಿಂಜರಿಯುತ್ತಾರೆ, ಹಿಂಜರಿಯುವುದೇ ಸರಿ. ‘ಅವರು’ ಎಂಬುದನ್ನಂತೂ ತನಗೆ ತಾನೇ ಯಾರೂ ಹಾಕಿಕೊಳ್ಳಬಾರದು. ಅಣ್ಣ ಎಂಬುದು ನಂಟು, ಅದನ್ನು ‘ನಾನು ನಿಮ್ಮ ಅಣ್ಣ’ ಎಂದು ನಾವೇ ಹೇಳಿಕೊಳ್ಳಬಹುದು. ಅವರು ಎಂಬುದು ಬರಿಯ ಮರ್ಯಾದೆ, ಅದು ಎದುರಿನವರ ಬಾಯಿಂದಲೇ ಬರಬೇಕು.

ಬರೆಯುವಾಗಲೂ ಗಮನ ಬೇಕು. ಎಕ್ಸ್‌ನಲ್ಲಿ ಯೂಸರ್‌ನೇಮಿಗೆ ಹದಿನೈದು ಅಕ್ಷರಗಳ ಮಿತಿ, ಅದೂ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ. `manju_anna` ಎಂದು ಬಿಡಿಸಿ ಬರೆದರೆ ‘ಅನ್ನ’ ಎಂದು ಓದುವವರಿದ್ದಾರೆ, ಅನ್ನಾ ಎಂಬ ಹೆಂಗಸಿನ ಹೆಸರೆಂದು ತಿಳಿಯುವವರೂ ಇದ್ದಾರೆ. ನಾವು ಬಾಯಲ್ಲಿ ಹೇಳುವಂತೆಯೇ ಲೋಪಸಂಧಿ ಮಾಡಿ, ‘ಜು’ವಿನ ಉಕಾರವನ್ನು ಬಿಟ್ಟು `manjanna` ಎಂದು ಬರೆದರೆ ಕನ್ನಡಿಗ ತಪ್ಪದೆ ಮಂಜಣ್ಣ ಎಂದೇ ಓದುತ್ತಾನೆ. ಊರನ್ನೂ ಸೇರಿಸಿ `manjanna_mandya` ಎಂದರೆ ಸರಿಯಾಗಿ ಹದಿನೈದಕ್ಕೆ ನಿಲ್ಲುತ್ತದೆ.

ಇಷ್ಟು ವ್ಯಾಕರಣ. ನಾನು ಈ ಪಕ್ಷ ಹಿಡಿದಿರುವುದು ಬರೀ ವ್ಯಾಕರಣಕ್ಕಾಗಿ ಅಲ್ಲ.

ನನ್ನ ತಾತನ ಹೆಸರು ಮಾದ. ಮಳವಳ್ಳಿ ಕಡೆಯ ನಮ್ಮ ಊರಿನಲ್ಲಿ ಮಲೆ ಮಹದೇಶ್ವರನನ್ನು ಎಲ್ಲರೂ ಮಾದಪ್ಪ ಎಂದೇ ಕರೆಯುತ್ತಾರೆ. ಆ ದೇವರ ಹೆಸರನ್ನೇ ಹೊತ್ತ ನನ್ನ ತಾತನಿಗೆ ಆ ‘ಅಪ್ಪ’ ಸಿಗಲಿಲ್ಲ. ಮೇಲಿನ ಬೀದಿಯಲ್ಲಿ ಇದೇ ಹೆಸರಿನವರು ಮಾದಯ್ಯ, ಮಾದೇಗೌಡ ಆಗಿದ್ದರು. ನನ್ನ ತಾತ ಬರೀ ಮಾದ. ನಮ್ಮ ಕೇರಿಯೊಳಗೆ ಚಿಕ್ಕವರೆಲ್ಲ ಅವರನ್ನು ಮಾದಣ್ಣ ಎನ್ನುತ್ತಿದ್ದರು, ಆದರೆ ಆ ‘ಅಣ್ಣ’ ಕೇರಿಯ ಬಾಯಿ ದಾಟುತ್ತಿರಲಿಲ್ಲ. ಅರಳಿಕಟ್ಟೆಯ ಹತ್ತಿರ ಇನ್ನೂ ಮೀಸೆ ಮೂಡದ ಹುಡುಗರು ‘ಲೋ ಮಾದ, ಎತ್ತು ಹಿಡಿದುಕೊ’ ಎನ್ನುತ್ತಿದ್ದರು, ತಾತ ಟವೆಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡು ಎತ್ತು ಹಿಡಿಯುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅವರ ಹೆಸರಿಗೆ ಎರಡಕ್ಷರ ಸೇರಿಸಿದ್ದರೆ ಆ ಹುಡುಗರಿಗೆ ‘ಲೋ’ ಎನ್ನಲು ಬಾಯಿ ಬರುತ್ತಿರಲಿಲ್ಲ. ‘ಲೋ ಮಾದಣ್ಣ’ ಎಂಬ ಮಾತು ಕನ್ನಡದಲ್ಲಿ ಸಲೀಸಾಗಿ ಹೊರಡುವುದಿಲ್ಲ.

ನನ್ನ ಚಿಕ್ಕಪ್ಪನ ಮಗನಿಗೆ ತಾತನ ಹೆಸರನ್ನೇ ಇಟ್ಟಿದ್ದಾರೆ, ಶಾಲೆಯಲ್ಲಿ ಮಹದೇವ. ಅವನು ಟ್ರ್ಯಾಕ್ಟರ್, ರೋಟವೇಟರ್ ಬಾಡಿಗೆಗೆ ಓಡಿಸುತ್ತಾನೆ. ಫೋನಿನಲ್ಲಿ, ಜಾಲತಾಣದಲ್ಲಿ ಎಲ್ಲ ಕಡೆಯೂ ಅವನ ಹೆಸರು `madanna`. ಯಾರೂ ಕೊಟ್ಟದ್ದಲ್ಲ, ತಾನೇ ಇಟ್ಟುಕೊಂಡದ್ದು. ಉಳುಮೆಯ ಕಾಲ ಬಂತೆಂದರೆ ಮೇಲಿನ ಬೀದಿಯವರ ಮೊಮ್ಮಕ್ಕಳು ‘ಮಾದಣ್ಣ, ನಾಳೆ ಗಾಡಿ ಬಿಡುವಾಗಿದೆಯೇ’ ಎಂದು ಸಂದೇಶ ಕಳುಹಿಸುತ್ತಾರೆ. ತೆರೆಯ ಮೇಲೆ ಹಾಗೆ ಬರೆದು ಬರೆದು, ಈಗ ಎದುರಿಗೆ ಸಿಕ್ಕಾಗಲೂ ಹಾಗೆಯೇ ಕರೆಯುತ್ತಾರೆ. ಮರ್ಯಾದೆಯ ಪದವನ್ನು ಬೇರೆಯವರೇ ಕೊಡಬೇಕು, ನಾವು ತೆಗೆದುಕೊಳ್ಳಬಾರದು ಎನ್ನುವವರು ಅವನಿಗೆ ಅದನ್ನು ಯಾರು, ಯಾವ ವರ್ಷ ಕೊಡುತ್ತಿದ್ದರು ಎಂಬುದನ್ನು ಮೊದಲು ಹೇಳಲಿ.

ವಿರೋಧ: ಕರೆಯುವವರಿಗೆ ಬಿಡೋಣ

ವಿರೋಧದ ಬದಿಯನ್ನು ಬರೆಯಲು ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಮೈಸೂರಿನ ನಮ್ಮ ಮನೆಯಲ್ಲಿಯೂ ತರಕಾರಿ ಗಾಡಿಯವರನ್ನು ಅಣ್ಣ ಎಂದೇ ಕರೆಯುತ್ತೇವೆ. ಹಾಗಾಗಿ ಮಾತಿನಲ್ಲಿ ಈ ಪದಗಳು ಬೇಡ ಎಂದು ನಾನು ಹೇಳಲಾರೆ, ಹೇಳುವುದೂ ಇಲ್ಲ. ನನ್ನ ತಕರಾರು ತಾನೇ ಆರಿಸಿಕೊಳ್ಳುವ ಹೆಸರಿನ ಮಟ್ಟಿಗೆ ಮಾತ್ರ.

ತಮ್ಮ ಹೆಸರನ್ನು ತಾವೇ ಆರಿಸಿಕೊಂಡ ಕನ್ನಡಿಗರು ಏನು ಮಾಡಿದರು ನೋಡಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಎರಡು ‘ಅಪ್ಪ’ಗಳಿವೆ. ಕುವೆಂಪು ಎಂಬಲ್ಲಿ ಒಂದೂ ಇಲ್ಲ. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ಎಂಬಲ್ಲಿ ಎರಡು ‘ಅಯ್ಯ’ಗಳಿವೆ. ತೀನಂಶ್ರೀ ಎಂಬಲ್ಲಿ ಒಂದೂ ಇಲ್ಲ. ಬಿ.ಎಂ. ಶ್ರೀಕಂಠಯ್ಯನವರು ಬರೀ ‘ಶ್ರೀ’ ಆದರು. ಮೂವರೂ ನಮ್ಮ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು, ಮೂವರ ಕಾವ್ಯನಾಮದಲ್ಲೂ ‘ಅಪ್ಪ’, ‘ಅಯ್ಯ’ ಉಳಿಯಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಹನ್ನೆರಡನೆಯ ಶತಮಾನದ ವಚನಕಾರರು ಸಿಗುತ್ತಾರೆ. ಬಸವಣ್ಣನವರ ವಚನದ ಕೊನೆಯ ಅಂಕಿತ ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ‘ಅಣ್ಣ’ನನ್ನೂ ‘ಅಕ್ಕ’ನನ್ನೂ ಜನ ಸೇರಿಸಿದರು, ಪ್ರೀತಿಯಿಂದ ಸೇರಿಸಿದರು, ಎಂಟು ನೂರು ವರ್ಷ ಕಳೆದರೂ ಅದು ಬಿದ್ದುಹೋಗಿಲ್ಲ. ಮುತ್ತುರಾಜು ಆಗಿ ಹುಟ್ಟಿ ರಾಜ್‌ಕುಮಾರ್ ಆದವರು ‘ಅಣ್ಣಾವ್ರು’ ಆದದ್ದೂ ಹಾಗೆಯೇ, ಅಭಿಮಾನಿಗಳ ಬಾಯಲ್ಲಿ. ಕೊಟ್ಟ ‘ಅಣ್ಣ’ನಿಗೂ ಇಟ್ಟುಕೊಂಡ ‘ಅಣ್ಣ’ನಿಗೂ ಇರುವ ವ್ಯತ್ಯಾಸ ಇದು. ಇದೊಂದೇ ಕಾರಣ ನನಗೆ ಸಾಕು.

ಇನ್ನೊಂದು ಸಂಗತಿ ನೋಡಿ: ಅಣ್ಣ, ಅಕ್ಕ ಎಂದು ಹೆಸರಿಟ್ಟುಕೊಂಡವರು ಬೇಕಾದಷ್ಟಿದ್ದಾರೆ, ತಮ್ಮ, ತಂಗಿ ಎಂದು ಇಟ್ಟುಕೊಂಡವರನ್ನು ಹುಡುಕಬೇಕು. ಇದು ಬರಿಯ ನಂಟಾಗಿದ್ದರೆ ಎರಡೂ ಸಮನಾಗಿ ಸಿಗಬೇಕಿತ್ತು. ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬ ತನ್ನ ಹೆಸರಿಗೆ ಅಣ್ಣ ಸೇರಿಸಿಕೊಂಡಿದ್ದಾನೆ, ಒಳ್ಳೆಯ ಹುಡುಗ. ಕಾವೇರಿ ನೀರು ಬಾರದ ದಿನ ನಮ್ಮ ಬೀದಿಯ ಎಂಬತ್ತು ದಾಟಿದ ಅಜ್ಜಿಯೊಬ್ಬರು ಅದೇ ಗುಂಪಿನಲ್ಲಿ ‘ಅಣ್ಣ, ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ, ದಯವಿಟ್ಟು ತಿಳಿಸಿ’ ಎಂದು ಬರೆದಿದ್ದರು. ಹುಡುಗ ಮನೆಗೆ ಹೋಗಿ ಅಜ್ಜಿಯ ಕಾಲಿಗೆ ಬಿದ್ದು, ‘ಅಜ್ಜಿ, ನನ್ನನ್ನು ಹಾಗೆ ಕರೆಯಬೇಡಿ’ ಎಂದನಂತೆ. ಅಜ್ಜಿ ‘ನೀನೇ ಹಾಗೆ ಬರೆದುಕೊಂಡಿದ್ದೀಯಲ್ಲಪ್ಪ’ ಎಂದರಂತೆ. ಅಣ್ಣ ಎಂಬುದು ಒಬ್ಬರನ್ನು ನೋಡಿ ಹೇಳುವ ಮಾತು. ಅದನ್ನು ಹೆಸರಾಗಿ ಬರೆದಿಟ್ಟರೆ ನೋಡಿದವರೆಲ್ಲರಿಗೂ ಅವನು ಅಣ್ಣನೇ, ಅಜ್ಜಿಗೂ.

ಹೆಂಗಸರು ‘ಅಕ್ಕ’ ಸೇರಿಸಿಕೊಂಡರೆ ಅಪರಿಚಿತ ಗಂಡಸರು ಮರ್ಯಾದೆಯಿಂದ ಮಾತನಾಡುತ್ತಾರೆ ಎಂದು ಹಲವರು ಹೇಳುತ್ತಾರೆ. ಇದ್ದರೂ ಇರಬಹುದು. ಆದರೆ ಅಕ್ಕನಾದರೆ ಮಾತ್ರ ಮರ್ಯಾದೆ ಎಂಬ ಷರತ್ತನ್ನು ಹೆಂಗಸರೇ ಏಕೆ ಬರೆದುಕೊಡಬೇಕು? ನನ್ನ ಸೊಸೆ ಚಾಮರಾಜಪುರಂನಲ್ಲಿ ಹೊಲಿಗೆ ಹೇಳಿಕೊಡುತ್ತಾಳೆ. ಅವಳ ಯೂಸರ್‌ನೇಮಿನಲ್ಲಿ ಅವಳ ಹೆಸರು, ‘ಹೊಲಿಗೆ’ ಎಂಬ ಪದ, ಅಷ್ಟೇ ಇರುವುದು. ಕಲಿಯಲು ಬರುವ ಹುಡುಗಿಯರು ಒಂದು ವಾರದೊಳಗೆ ತಾವಾಗಿಯೇ ಅಕ್ಕ ಎನ್ನುತ್ತಾರೆ.

ಹಿಂದೆ ಈ ಪದಗಳು ಸಿಗದೇ ಹೋದವರ ಮಾತು ಬೇರೆ, ಅದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಹೆಸರು ಆರಿಸಿಕೊಳ್ಳಲು ಕೂತ ಉಳಿದವರಿಗೆ ಹೇಳುವುದಿಷ್ಟು. ಅನೇಕ ಜಾಲತಾಣಗಳಲ್ಲಿ ಯೂಸರ್‌ನೇಮ್ ಬೇರೆ, ತೆರೆಯ ಮೇಲೆ ಕಾಣುವ ಹೆಸರು ಬೇರೆ. ಯೂಸರ್‌ನೇಮ್ ಕೊಂಡಿಗಳಲ್ಲಿ, ಹಳೆಯ ಉಲ್ಲೇಖಗಳಲ್ಲಿ ಸೇರಿಕೊಂಡುಬಿಡುತ್ತದೆ, ಅದನ್ನು ಮತ್ತೆ ಮತ್ತೆ ಬದಲಿಸುವುದು ತೊಡಕು. ಅಲ್ಲಿ ಬರೀ ಹೆಸರಿರಲಿ. ಕಾಣುವ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಬೇಕೆಂದಾಗ ಬದಲಿಸಬಹುದು. ಒಂದಷ್ಟು ದಿನ ಕಳೆದ ಮೇಲೆ ಜನರೇ ಮಂಜಣ್ಣ ಎಂದು ಕರೆಯತೊಡಗಿದರೆ ಅಲ್ಲಿ ‘ಮಂಜಣ್ಣ’ ಎಂದು ಬರೆದುಕೊಳ್ಳಲಿ, ಅದಕ್ಕೆ ನನ್ನ ವಿರೋಧವೇನೂ ಇಲ್ಲ.